ಮಾರ್ಚ್ ತಿಂಗಳ ಬಾಡಿಗೆ ಯಾವ ವರ್ಷದ ಖರ್ಚು?

ದಾವಣಗೆರೆಯಲ್ಲಿ ಒಂದು ಸ್ಟೇಷನರಿ ಅಂಗಡಿ ಇದೆ ಎಂದುಕೊಳ್ಳಿ. ತಿಂಗಳ ಬಾಡಿಗೆ 8,000 ರೂಪಾಯಿ. ಮಾಲೀಕರು ಆಯಾ ತಿಂಗಳ ಬಾಡಿಗೆಯನ್ನು ಮುಂದಿನ ತಿಂಗಳ 5ನೇ ತಾರೀಕು ಕೊಡುತ್ತಾರೆ. ಅಂಗಡಿ ತೆರೆದದ್ದು ಏಪ್ರಿಲ್ 1ರಂದು. ಮಾರ್ಚ್ 31ಕ್ಕೆ ಪುಸ್ತಕ ನೋಡಿದರೆ ಬಾಡಿಗೆ ಖಾತೆಯಲ್ಲಿ ಇರುವುದು 88,000, ಅಂದರೆ ಹನ್ನೊಂದೇ ತಿಂಗಳದ್ದು. ಜುಲೈ 1ರಂದು ಅಂಗಡಿಯ ವಿಮೆಗೆ 12,000 ರೂಪಾಯಿ ಕಟ್ಟಿದ್ದಾರೆ. ಅದು ಮುಂದಿನ ಜೂನ್ 30ರವರೆಗೆ ಚಾಲ್ತಿಯಲ್ಲಿರುತ್ತದೆ. ಲಾಭ 1,50,000 ಎಂದು ತೋರುತ್ತಿದೆ.

ಈ ಲಾಭ ಸರಿಯಲ್ಲ. ಪ್ರಥಮ ವರ್ಷದ ಅಕೌಂಟೆನ್ಸಿ ಪತ್ರಿಕೆಯಲ್ಲಿ ಹೊಂದಾಣಿಕೆಯ ಪ್ರಶ್ನೆಗಳು ಶುರುವಾಗುವುದೇ ಇಲ್ಲಿಂದ.

ಮಾರ್ಚ್ ಪೂರ್ತಿ ಅಂಗಡಿ ನಡೆದಿದೆ, ವ್ಯಾಪಾರದ ಹಣವೂ ಲೆಕ್ಕಕ್ಕೆ ಬಂದಿದೆ. ಆ ತಿಂಗಳ ಬಾಡಿಗೆ ಮಾತ್ರ ಬಂದಿಲ್ಲ. ಆದ್ದರಿಂದ ಮಾರ್ಚ್ 31ರಂದು ಜರ್ನಲ್‌ನಲ್ಲಿ ಬಾಡಿಗೆ ಖಾತೆಯನ್ನು 8,000ಕ್ಕೆ ಡೆಬಿಟ್ ಮಾಡಿ, ಕೊಡಬೇಕಾದ ಬಾಡಿಗೆ ಖಾತೆಯನ್ನು ಕ್ರೆಡಿಟ್ ಮಾಡಬೇಕು. ಖರ್ಚು 96,000 ಆಗುತ್ತದೆ. 8,000 ಸಾಲವಾಗಿ ಆಸ್ತಿ–ಹೊಣೆ ಪಟ್ಟಿಯಲ್ಲಿ ಕೂರುತ್ತದೆ. ವಿಮೆಯದು ಇದಕ್ಕೆ ತದ್ವಿರುದ್ಧ. ಜುಲೈನಿಂದ ಮಾರ್ಚ್‌ವರೆಗಿನ ಒಂಬತ್ತು ತಿಂಗಳ ಪಾಲು 9,000 ಈ ವರ್ಷದ್ದು, ಉಳಿದ 3,000 ಮುಂದಿನ ವರ್ಷದ್ದು. ಮುಂಗಡ ವಿಮೆ ಖಾತೆ ಡೆಬಿಟ್ 3,000, ವಿಮೆ ಖಾತೆ ಕ್ರೆಡಿಟ್ 3,000. ಎರಡೂ ಸೇರಿದಾಗ ಲಾಭ 8,000 ಇಳಿದು 3,000 ಏರುತ್ತದೆ, 1,45,000ಕ್ಕೆ ನಿಲ್ಲುತ್ತದೆ.

ಎರಡೂ ನಮೂದುಗಳಲ್ಲಿ ನಗದಾಗಲಿ ಬ್ಯಾಂಕಾಗಲಿ ಇಲ್ಲ ಎಂಬುದನ್ನು ಗಮನಿಸಬೇಕು. ಹೊಂದಾಣಿಕೆ ನಮೂದಿನಲ್ಲಿ ನಗದು ಖಾತೆ ಕಾಣಿಸಿಕೊಂಡಿತೆಂದರೆ ವಿದ್ಯಾರ್ಥಿ ಎಲ್ಲೋ ದಾರಿ ತಪ್ಪಿದ್ದಾನೆಂದೇ ಅರ್ಥ. ಹಣ ಹೋದ ದಿನದ ನಮೂದು ಆಗಲೇ ಆಗಿದೆ, ಇಲ್ಲವೇ ಇನ್ನೂ ಆಗಬೇಕಿದೆ. ಅವತ್ತು ಮಾತ್ರ ಹಣ ಓಡಾಡುವುದಿಲ್ಲ.

ಹೆಚ್ಚು ಅಂಕ ಹೋಗುವುದು ಇನ್ನೊಂದು ಕಡೆ. ವಿಮೆ ಕಟ್ಟಿದ ದಿನ ಅಂಗಡಿಯವರು ಪೂರ್ತಿ 12,000ವನ್ನು ಖರ್ಚಿಗೆ ಹಾಕಿದ್ದಾರೆಂದು ಭಾವಿಸಿ ಮೇಲಿನ ನಮೂದು ಬರೆದದ್ದು. ಅವರು ಅದನ್ನು ಮೊದಲೇ ಮುಂಗಡ ವಿಮೆ ಎಂದು ಆಸ್ತಿಯಾಗಿ ಬರೆದಿದ್ದರೆ? ಆಗ ಬಳಕೆಯಾದ ಪಾಲನ್ನು ಆಸ್ತಿಯಿಂದ ತೆಗೆಯಬೇಕು: ವಿಮೆ ಖಾತೆ ಡೆಬಿಟ್ 9,000, ಮುಂಗಡ ವಿಮೆ ಖಾತೆ ಕ್ರೆಡಿಟ್ 9,000. ಕೊನೆಗೆ ಉಳಿಯುವುದು ಎರಡರಲ್ಲೂ ಒಂದೇ, ಖರ್ಚು 9,000 ಮತ್ತು ಆಸ್ತಿ 3,000. ಆದರೆ ನಮೂದಿನ ಮೊತ್ತವೂ ದಿಕ್ಕೂ ಬೇರೆ. ಹಾಗಾಗಿ ನಮೂದನ್ನು ಬಾಯಿಪಾಠ ಮಾಡಿದರೆ ನಡೆಯುವುದಿಲ್ಲ. ಖಾತೆಯಲ್ಲಿ ಈಗ ಎಷ್ಟಿದೆ, ಎಷ್ಟಿರಬೇಕು ಎಂದು ಮೊದಲು ಬರೆದುಕೊಂಡು, ವ್ಯತ್ಯಾಸಕ್ಕೆ ಮಾತ್ರ ನಮೂದು ಹಾಕುವುದು ಭದ್ರವಾದ ದಾರಿ.

ತಾಳೆಪಟ್ಟಿ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಮಾರ್ಚ್ ಬಾಡಿಗೆಯನ್ನು ಮರೆತರೂ ಡೆಬಿಟ್, ಕ್ರೆಡಿಟ್ ಎರಡೂ ಬಿಟ್ಟುಹೋಗಿರುವುದರಿಂದ ಪಟ್ಟಿ ಸರಿಯಾಗಿಯೇ ತಾಳೆಯಾಗುತ್ತದೆ. ಪತ್ತೆ ಹಚ್ಚಲು ತಿಂಗಳು ಎಣಿಸಬೇಕು.

ಮರುವರ್ಷ ಆಗುವ ತಪ್ಪನ್ನು ಹಿಡಿಯುವುದೂ ಈ ಎಣಿಕೆಯೇ. ಏಪ್ರಿಲ್ 5ರಂದು ಮಾರ್ಚ್ ಬಾಡಿಗೆ ಕೊಟ್ಟಾಗ ಅಭ್ಯಾಸಬಲದಿಂದ ಬಾಡಿಗೆ ಖಾತೆಯನ್ನೇ ಡೆಬಿಟ್ ಮಾಡಿ ಬಿಟ್ಟರೆ, ಹೊಸ ವರ್ಷದ ಕೊನೆಗೆ ಅಲ್ಲಿ 1,04,000 ಇರುತ್ತದೆ, ಅಂದರೆ ಹದಿಮೂರು ತಿಂಗಳ ಬಾಡಿಗೆ! ಹಳೆಯ 8,000 ಸಾಲವೂ ತೀರದೆ ಹಾಗೇ ಉಳಿದಿರುತ್ತದೆ. ಅಂದು ಡೆಬಿಟ್ ಆಗಬೇಕಾದದ್ದು ಕೊಡಬೇಕಾದ ಬಾಡಿಗೆ ಖಾತೆ. ಕೆಲವರು ಏಪ್ರಿಲ್ 1ರಂದೇ ಹಳೆಯ ನಮೂದನ್ನು ತಿರುಗಿಸಿ ಬರೆದು, ಆಮೇಲೆ ಪಾವತಿಯನ್ನು ಎಂದಿನಂತೆ ಬಾಡಿಗೆಗೆ ಹಾಕುತ್ತಾರೆ. ಅದೂ ಸರಿಯೇ. ಎರಡು ವಿಧಾನಗಳನ್ನು ಬೆರೆಸಬಾರದು ಅಷ್ಟೆ.

ಪರೀಕ್ಷೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮುಂಗಡ ವಿಮೆ ತಾಳೆಪಟ್ಟಿಯ ಒಳಗೇ ಕೊಟ್ಟಿದ್ದು ಬೇರೆ ಹೊಂದಾಣಿಕೆ ಕೇಳದಿದ್ದರೆ, ನಮೂದು ಆಗಲೇ ಮುಗಿದಿದೆ ಎಂದರ್ಥ. ಅದು ಆಸ್ತಿಯ ಬದಿಗೆ ಮಾತ್ರ ಹೋಗುತ್ತದೆ. ಪಟ್ಟಿಯ ಕೆಳಗೆ ಹೊಂದಾಣಿಕೆಯಾಗಿ ಕೊಟ್ಟಿದ್ದರೆ ವಿಮೆಯಿಂದ ಕಳೆಯಬೇಕು, ಆಸ್ತಿಯಲ್ಲೂ ತೋರಿಸಬೇಕು.

ಬಾಡಿಗೆ, ವಿಮೆಗಳ ಮೊತ್ತ ಮೊದಲೇ ಗೊತ್ತಿರುತ್ತದೆ. ಕರೆಂಟ್ ಬಿಲ್ ಹಾಗಲ್ಲ. ಮಾರ್ಚ್ 12ರಿಂದ ಏಪ್ರಿಲ್ 11ರವರೆಗಿನ ಬಿಲ್ ಏಪ್ರಿಲ್‌ನಲ್ಲಿ ಬರುತ್ತದೆ, ಅದರಲ್ಲಿ ಇಪ್ಪತ್ತು ದಿನ ಹಳೆಯ ವರ್ಷದ್ದು. ಬಿಲ್ ಬರುವ ಮುನ್ನ ಲೆಕ್ಕ ಮುಗಿಸಬೇಕಾದಾಗ ಹಿಂದಿನ ಬಿಲ್ಲುಗಳನ್ನು ನೋಡಿ ದಿನಕ್ಕೆ 50 ರೂಪಾಯಿಯಂತೆ 1,000 ಅಂದಾಜಿಸಿ ಬರೆದರೆನ್ನಿ. ಆಮೇಲೆ ಬಂದ ಬಿಲ್ 1,580. ಕೊಡಬೇಕಾದ ವಿದ್ಯುತ್ ಖಾತೆಗೆ 1,000, ಹೊಸ ವರ್ಷದ ವಿದ್ಯುತ್ ಖಾತೆಗೆ 580 ಡೆಬಿಟ್ ಮಾಡಿ 1,580 ಪಾವತಿಸುತ್ತಾರೆ. ಹನ್ನೊಂದು ದಿನಕ್ಕೆ ಹಳೆಯ ದರದಲ್ಲಿ 550 ಆಗಬೇಕಿತ್ತು. ಹೆಚ್ಚಾದ 30 ರೂಪಾಯಿಗಾಗಿ ಮುಗಿದ ವರ್ಷದ ಪುಸ್ತಕವನ್ನು ಯಾರೂ ಮತ್ತೆ ತೆರೆಯುವುದಿಲ್ಲ. ಅದು ಹೊಸ ವರ್ಷದ ಖರ್ಚಿನಲ್ಲೇ ಸೇರಿಹೋಗುತ್ತದೆ.