ಕೊಲೆಗಾರನ ಹೆಸರು ಹೇಳದಿದ್ದರೂ ಕಥೆ ಸೋರುತ್ತದೆ

ಹೇಮಂತ್ ರಾವ್ ನಿರ್ದೇಶನದ ‘ಕವಲುದಾರಿ’ 2019ರ ಏಪ್ರಿಲ್‌ನಲ್ಲಿ ಬಂದಾಗ, ನೋಡಿದ ರಾತ್ರಿಯೇ ಕಾಲೇಜು ಗೆಳೆಯರ ವಾಟ್ಸಾಪ್ ಗುಂಪಿಗೆ ಮೂರು ಸಾಲು ಹಾಕಿದ್ದೆ. ‘ಫಸ್ಟ್ ಹಾಫ್ ಸ್ವಲ್ಪ ಸ್ಲೋ ಕಣ್ರೋ, ತಡ್ಕೊಳ್ಳಿ. ಟ್ವಿಸ್ಟ್ ಊಹಿಸೋಕೆ ಆಗಲ್ಲ. ಇಂಥವರ ಆ್ಯಕ್ಟಿಂಗ್ ಮಾತ್ರ ಗಮನಿಸಿ.’ (‘ಇಂಥವರ’ ಎಂಬಲ್ಲಿ ಒಬ್ಬ ನಟರ ಹೆಸರಿತ್ತು. ಅದೇ ತಪ್ಪನ್ನು ಇಲ್ಲಿ ಮತ್ತೆ ಮಾಡುವುದಿಲ್ಲ.) ಕಥೆಯ ಒಂದೆಳೆಯನ್ನೂ ಬಿಟ್ಟುಕೊಟ್ಟಿಲ್ಲ ಎಂದು ನನಗೆ ಬಲು ಹೆಮ್ಮೆ. ಮರುವಾರ ಗೆಳೆಯನೊಬ್ಬ ಬರೆದ: ‘ಸಿನಿಮಾ ಪೂರ್ತಿ ಅವರನ್ನೇ ಅನುಮಾನದಿಂದ ನೋಡ್ತಾ ಕೂತಿದ್ದೆ ಮಾರಾಯ. ಮಜಾನೇ ಹೋಯ್ತು.’

ಅವನ ಅನುಮಾನ ಸರಿಯಿತ್ತೋ ತಪ್ಪಿತ್ತೋ ಬೇರೆ ಮಾತು. ಪತ್ತೇದಾರಿ ಚಿತ್ರದಲ್ಲಿ ನೋಡುಗ ಎಲ್ಲರನ್ನೂ ಸಮನಾಗಿ ನೋಡುತ್ತಿರಬೇಕು. ಒಬ್ಬರತ್ತ ಬೆರಳು ತೋರಿಸಿದ ಕೂಡಲೇ ಆ ತಕ್ಕಡಿ ವಾಲುತ್ತದೆ. ಹೊಗಳುವುದಕ್ಕೆ ತೋರಿಸಿದರೂ ಅಷ್ಟೇ. ‘ಟ್ವಿಸ್ಟ್’ ಎಂಬ ಪದವೂ ಹಾಗೆಯೇ: ಅದನ್ನು ಓದಿದವನು ತೆರೆಯ ಮೇಲೆ ಸಿಕ್ಕ ಪ್ರತಿ ಉತ್ತರವನ್ನೂ ‘ಇದು ಸುಳ್ಳು, ಮುಂದೆ ಬದಲಾಗುತ್ತೆ’ ಎಂದು ತಳ್ಳಿಹಾಕುತ್ತ ಹೋಗುತ್ತಾನೆ. ತಲೆ ಸಿಡಿದುಹೋಗುವ ಆ ಎಮೋಜಿ ಮಾಡುವುದೂ ಇದೇ ಕೆಲಸ.

ಆದರೆ ನನ್ನ ಸಂದೇಶದಲ್ಲಿ ಹೆಚ್ಚು ಹಾನಿ ಮಾಡಿದ್ದು ಮೊದಲ ಸಾಲು. ನಮ್ಮಲ್ಲಿ ‘ಸ್ಲೋ’ ಎಂದರೆ ‘ಲ್ಯಾಗ್’ ಎಂದೇ ಅರ್ಥ. ಇವೆರಡೂ ಬೇರೆ ಬೇರೆ. ಒಂದು ದೃಶ್ಯವನ್ನು ಮನಸ್ಸಿನಲ್ಲೇ ಕತ್ತರಿಸಿ ನೋಡಿ. ಮುಂದಿನ ಯಾವುದಕ್ಕೂ ಪೆಟ್ಟಾಗದಿದ್ದರೆ ಅದು ಲ್ಯಾಗ್. ಅರ್ಧ ಗಂಟೆಯ ನಂತರದ ಮಾತೊಂದು ಅರ್ಥ ಕಳೆದುಕೊಂಡರೆ ಅದು ನಿಧಾನವೇ ಹೊರತು ಎಳೆತವಲ್ಲ. ಪ್ರೇಮದ ಎಳೆಗೆ ಸೇರಿದ ಒಂದೆರಡು ದೃಶ್ಯಗಳನ್ನು ಬಿಟ್ಟರೆ ‘ಕವಲುದಾರಿ’ಯ ನಿಧಾನ ಎರಡನೆಯ ಬಗೆಯದು. ಸುಮ್ಮನೆ ಕುಳಿತ ಮುಖ, ಹಳೆಯ ಕಡತ ತಿರುವುವ ಹೊತ್ತು, ಖಾಲಿ ಮನೆಯ ಮೌನ, ಎಲ್ಲವೂ ಮುಂದೆ ಲೆಕ್ಕಕ್ಕೆ ಬರುತ್ತವೆ. ‘ತಡ್ಕೊಳ್ಳಿ’ ಎಂದು ನಾನು ಬರೆದದ್ದಕ್ಕೆ ಗೆಳೆಯರು ಆ ಹೊತ್ತಿನಲ್ಲೇ ಫೋನ್ ಕೈಗೆತ್ತಿಕೊಂಡರು.

ಹಾಗಿದ್ದರೆ ಏನು ಹೇಳಬಹುದು? ಚಿತ್ರ ತಾನಾಗಿಯೇ ಆರಂಭದಲ್ಲಿ ಮುಂದಿಡುವ ಪ್ರಶ್ನೆಯನ್ನು ಹೇಳಬಹುದು. ಬೆಂಗಳೂರಿನ ಟ್ರಾಫಿಕ್ ಪೊಲೀಸ್ ಶ್ಯಾಮ್‌ಗೆ (ರಿಷಿ) ಅಪರಾಧ ತನಿಖೆಯ ಹಂಬಲ. ನೆಲ ಅಗೆದಾಗ ಸಿಕ್ಕ ಮನುಷ್ಯರ ಮೂಳೆಗಳು ಅವನನ್ನು ಸುಮಾರು ನಾಲ್ಕು ದಶಕ ಹಿಂದಿನ ಪ್ರಕರಣಕ್ಕೆ ಕರೆದೊಯ್ಯುತ್ತವೆ. ಅಂದು ಅದರ ಹಿಂದೆ ಬಿದ್ದಿದ್ದ ನಿವೃತ್ತ ಅಧಿಕಾರಿ ಮುತ್ತಣ್ಣ, ಅಂದರೆ ಅನಂತ್ ನಾಗ್, ಅವನಿಗೆ ಸಿಗುತ್ತಾರೆ. ಅಲ್ಲಿಗೆ ನಿಲ್ಲಿಸಬೇಕು. ಕೊರತೆಯನ್ನೂ ಹೇಳಬಹುದು, ಯಾವ ಪಾತ್ರ ಕೊನೆಗೆ ಏನಾಗುತ್ತದೆ ಎಂಬುದಕ್ಕೆ ಅದನ್ನು ಕಟ್ಟದಿದ್ದರಾಯಿತು.

ಬರೆಯುವ ಜಾಗದ್ದೂ ಒಂದು ತಾಪತ್ರಯವಿದೆ. ಗುಂಪು ತೆರೆಯದವನ ಫೋನಿನ ಮೇಲೂ ಸಂದೇಶದ ಮೊದಲ ಸಾಲು ಮೂಡುತ್ತದೆ. ‘ಸ್ಪಾಯ್ಲರ್ ಇದೆ, ಓದಬೇಡಿ’ ಎಂದು ಕೆಳಗೆ ಬರೆದರೆ ಏನುಪಯೋಗ? ಮೊದಲ ಸಾಲಿನಲ್ಲಿ ಚಿತ್ರದ ಹೆಸರು, ನೋಡಬೇಕೋ ಬೇಡವೋ, ಇಷ್ಟೇ ಇರಲಿ. ವಾಯ್ಸ್ ಮೆಸೇಜ್ ಇನ್ನೂ ಅಪಾಯ. ಒಂದು ಹೆಸರು ಹೇಳುವಾಗ ನಿಮ್ಮ ದನಿ ತಗ್ಗಿದರೆ ಸಾಕು, ಚಾಣಾಕ್ಷ ಗೆಳತಿ ಹಿಡಿದುಬಿಡುತ್ತಾಳೆ. ಇನ್ನು ನೋಡಿದ ಇಬ್ಬರು ಗುಂಪಿನಲ್ಲೇ ಚರ್ಚೆಗಿಳಿದರೆ ನಿಮ್ಮ ಎಚ್ಚರವೆಲ್ಲ ನೀರುಪಾಲು. ಅವರನ್ನು ಬೇರೆ ಚಾಟ್‌ಗೆ ಕಳಿಸಿ.

ಇಂದು ಅದೇ ಸಂದೇಶ ಹಾಕುವುದಾದರೆ ಹೀಗೆ ಬರೆಯುತ್ತೇನೆ:

‘ಕವಲುದಾರಿ ನೋಡ್ರೋ, ಆದ್ರೆ ಊಟ ಮಾಡ್ಕೊಂಡು ನೋಡೋ ಸಿನಿಮಾ ಅಲ್ಲ. ಒಬ್ಬ ಟ್ರಾಫಿಕ್ ಪೊಲೀಸ್, ಒಬ್ಬ ರಿಟೈರ್ಡ್ ಆಫೀಸರ್, ಒಂದು ಹಳೇ ಕೇಸು. ಫೈಟು, ಚೇಸು ಬೇಕು ಅನ್ನೋರಿಗೆ ಹಿಡಿಸಲ್ಲ. ಮಾತಿಲ್ಲದ ಸೀನ್‌ಗಳಲ್ಲೂ ಕಣ್ಣು ತೆರೆಯ ಮೇಲಿರಲಿ. ಚರಣ್ ರಾಜ್ ಮ್ಯೂಸಿಕ್ ಚೆನ್ನಾಗಿದೆ, ಹೆಡ್‌ಫೋನ್ ಹಾಕ್ಕೊಳ್ಳಿ. ಲವ್ ಟ್ರ್ಯಾಕ್ ನಂಗೆ ಅಷ್ಟಾಗಿ ಹಿಡಿಸಲಿಲ್ಲ. ನೋಡಿದ ಮೇಲೆ ನಂಗೆ ಫೋನ್ ಮಾಡಿ, ಇಲ್ಲಿ ಬರೀಬೇಡಿ.’

ನೀವಿನ್ನೂ ನೋಡಿಲ್ಲವೆಂದರೆ ಒಂದು ಮನವಿ. ಈ ಕಥೆ 2021ರಲ್ಲಿ ತಮಿಳಿನಲ್ಲಿ ‘ಕಬಡದಾರಿ’, ತೆಲುಗಿನಲ್ಲಿ ‘ಕಪಟಧಾರಿ’ ಎಂದು ಮತ್ತೆ ಬಂದಿದೆ. ಮೂರರಲ್ಲಿ ಯಾವುದರ ಹೆಸರನ್ನೂ ಚಿತ್ರ ಮುಗಿಯುವ ತನಕ ಅಂತರ್ಜಾಲದಲ್ಲಿ ಹುಡುಕಬೇಡಿ.