ಬಾರದ ಸಂಚಿಕೆಗೊಂದು ಕ್ಷಮಾಪತ್ರ

ಶುಕ್ರವಾರ ಬೆಳಿಗ್ಗೆ ಹೋಗಬೇಕಿದ್ದ ಇಮೇಲ್ ಸಂಚಿಕೆ, ಕಳುಹಿಸುವ ಸೇವೆಯೇ ಕೆಟ್ಟು ನಿಂತಿದ್ದರಿಂದ ಹೋಗಲಿಲ್ಲ ಎನ್ನಿ. ಕ್ಷಮೆ ಕೇಳುವ ಮೊದಲು ಸಂಪಾದಕರು ರವಾನೆಯ ವರದಿ ನೋಡಬೇಕು. ಸೇವೆ ನಡುವೆ ನಿಂತಿದ್ದರೆ ಕೆಲವರಿಗೆ ಸಂಚಿಕೆ ತಲುಪಿರಬಹುದು. ಉಳಿದವರದು ಸರದಿಯಲ್ಲಿ ಕಾದಿದ್ದು, ಸೇವೆ ಮರಳಿದೊಡನೆ ತಾನೇ ಹೊರಡಬಹುದು. ಅವಸರದಲ್ಲಿ ಮತ್ತೆ ಕಳುಹಿಸಿದರೆ ಓದುಗರಿಗೆ ಎರಡೆರಡು ಪ್ರತಿ. ಆದ್ದರಿಂದ ಸರದಿಯಲ್ಲಿರುವುದನ್ನು ರದ್ದು ಮಾಡಿ, ತಲುಪದವರ ಪಟ್ಟಿಯನ್ನಷ್ಟೇ ಬೇರ್ಪಡಿಸಬೇಕು.

ಪತ್ರ ಚಿಕ್ಕದಿರಲಿ: “ನಾವು ಬಳಸುವ ಇಮೇಲ್ ಸೇವೆ ಶುಕ್ರವಾರ ಸ್ಥಗಿತಗೊಂಡಿದ್ದರಿಂದ ಈ ವಾರದ ಸಂಚಿಕೆ ನಿಮಗೆ ಬಂದಿಲ್ಲ. ಕ್ಷಮಿಸಿ. ಸೋಮವಾರ ಬೆಳಿಗ್ಗೆ ಕಳುಹಿಸುತ್ತೇವೆ. ನೀವು ಮತ್ತೆ ನೋಂದಾಯಿಸಬೇಕಿಲ್ಲ.”

ಸೇವೆ ಸರಿಹೋದದ್ದು ಖಾತ್ರಿಯಾಗುವ ತನಕ ಆ “ಸೋಮವಾರ” ಬರೆಯಬಾರದು. ಹಣ ಕೊಟ್ಟ ಚಂದಾದಾರರಿದ್ದರೆ, ಸಂಚಿಕೆ ಪೂರ್ತಿ ತಪ್ಪಿದಾಗ ಅವಧಿಯನ್ನು ಒಂದು ವಾರ ಮುಂದೂಡಿ, ಅದನ್ನೂ ತಿಳಿಸಬೇಕು.