ಅಡಿಗೆ ಎಷ್ಟು ಎಂದು ಕೇಳಿದರೆ ಸಾಲದು

ಬೋರ್ ಕೊರೆಸಲು ಹೊರಟವರು ಏಜೆಂಟನಿಗೆ ಫೋನ್ ಮಾಡಿ ಮೊದಲು ಕೇಳುವುದು, ‘ಅಡಿಗೆ ಎಷ್ಟು?’ ಅವನು ಎಂಬತ್ತೋ ತೊಂಬತ್ತೋ ಹೇಳುತ್ತಾನೆ. ಇನ್ನೊಬ್ಬನನ್ನು ಕೇಳಿದರೆ ಐದು ರೂಪಾಯಿ ಕಡಿಮೆ. ಮಾತು ಅಲ್ಲಿಗೇ ಮುಗಿದು, ಸಂಜೆ ಹೊತ್ತಿಗೆ ರಿಗ್ ಲಾರಿ ಹೊಲಕ್ಕೆ ಬಂದು ನಿಲ್ಲುತ್ತದೆ. ಬೆಳಗಾಗುವಷ್ಟರಲ್ಲಿ ಬಿಲ್ಲು ಲಕ್ಷ ದಾಟಿರುತ್ತದೆ. ಮೋಸ ಹೋದೆವು ಎಂದು ಗೊಣಗುವವರ ಬಿಲ್ಲನ್ನು ಬಿಡಿಸಿ ನೋಡಿದರೆ, ಅಲ್ಲಿ ಮೋಸಕ್ಕಿಂತ ಹೆಚ್ಚಾಗಿ ಮೊದಲೇ ಕೇಳದೆ ಬಿಟ್ಟ ಬಾಬತ್ತುಗಳೇ ಕಾಣುತ್ತವೆ.

ಅಡಿಯ ದರ ಕೊನೆಯವರೆಗೂ ಒಂದೇ ಇರುವುದಿಲ್ಲ. ಮೊದಲ 300 ಅಡಿಗೋ 400 ಅಡಿಗೋ ಒಂದು ದರ. ಅಲ್ಲಿಂದ ಮುಂದೆ ಪ್ರತಿ ನೂರು ಅಡಿಗೂ ದರ ಏರುತ್ತ ಹೋಗುತ್ತದೆ. ಆಳ ಹೆಚ್ಚಿದಂತೆ ಕಂಪ್ರೆಸರ್ ಕುಡಿಯುವ ಡೀಸೆಲ್ಲೂ ಹೆಚ್ಚುವುದರಿಂದ ಇದು ನ್ಯಾಯವೇ. ಆದರೆ ಫೋನಿನಲ್ಲಿ ಹೇಳುವುದು ಮೊದಲ ಮೆಟ್ಟಿಲಿನ ದರ ಮಾತ್ರ.

ಎರಡನೆಯದು ಕೇಸಿಂಗ್ ಪೈಪು. ಮೇಲಿನ ಸಡಿಲ ಮಣ್ಣು, ಕೊಳೆತ ಕಲ್ಲು ಕುಸಿದು ಬಾವಿಯೊಳಗೆ ಬೀಳದಂತೆ ಗಟ್ಟಿ ಬಂಡೆ ಸಿಗುವವರೆಗೆ ಇಳಿಸುವ ಪೈಪು ಇದು. ಕೆಲವು ಕಡೆ 30 ಅಡಿ ಸಾಕಾಗುತ್ತದೆ, ಕೆಲವು ಕಡೆ 120 ಅಡಿಯೂ ಬೇಕಾಗುತ್ತದೆ. ಕೊರೆಯುವ ಮುಂಚೆ ಯಾರಿಗೂ ಗೊತ್ತಾಗುವುದಿಲ್ಲ. ಕೊರೆಯುವುದಕ್ಕಿಂತ ಇದರ ಅಡಿಯ ಬೆಲೆ ಕೆಲವು ಪಟ್ಟು ಹೆಚ್ಚು. ಹಾಗಾಗಿ ಕೊರೆಯುವ ದರದಲ್ಲಿ ಬಿಟ್ಟುಕೊಟ್ಟದ್ದನ್ನು ಕೇಸಿಂಗ್ ದರದಲ್ಲಿ ಹಿಂದಕ್ಕೆ ಪಡೆಯುವುದು ಈ ವ್ಯವಹಾರದಲ್ಲಿ ಬಹಳ ಸುಲಭ.

ಒಂದು ಲೆಕ್ಕ ಹಾಕಿ ನೋಡೋಣ. ಶಿರಾ ಕಡೆಯ ಒಂದು ಅಡಿಕೆ ತೋಟ, 600 ಅಡಿ ಬೋರು, 80 ಅಡಿ ಕೇಸಿಂಗ್ ಎಂದಿಟ್ಟುಕೊಳ್ಳಿ. ದರಗಳು ಉದಾಹರಣೆಗೆ ಮಾತ್ರ. ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ ಅವು ಬದಲಾಗುತ್ತವೆ. ಮೊದಲನೆಯವನು ‘ಅಡಿಗೆ 80’ ಎನ್ನುತ್ತಾನೆ. 300 ಅಡಿಯವರೆಗೆ 80, ಮುಂದಿನ ನೂರಕ್ಕೆ 90, ಆಮೇಲೆ 105, ಕೊನೆಯ ನೂರಕ್ಕೆ 125. ಕೊರೆದದ್ದಕ್ಕೆ 56,000 ರೂಪಾಯಿ ಆಯಿತು. ಕೇಸಿಂಗ್ ಅಡಿಗೆ 480ರಂತೆ 38,400. ಫ್ಲಷಿಂಗ್, ಲಾರಿ ಬಾಡಿಗೆ, ಹುಡುಗರ ಊಟ, ಮುಚ್ಚಳ ಎಲ್ಲ ಸೇರಿ 12,500. ಒಟ್ಟು 1,06,900. ಎರಡನೆಯವನು ‘ಅಡಿಗೆ 95’ ಎಂದದ್ದಕ್ಕೆ ಮನೆಯವರು ಅವನನ್ನು ಅಲ್ಲೇ ಬಿಟ್ಟಿದ್ದರು. ಅವನದು 400 ಅಡಿಯವರೆಗೆ 95, ಮುಂದೆ 105, ಆಮೇಲೆ 115; ಅಂದರೆ 60,000. ಕೇಸಿಂಗ್ 400ರಂತೆ 32,000. ಫ್ಲಷಿಂಗಿಗೆ 3,000, ಮಿಕ್ಕಿದ್ದೆಲ್ಲ ಅದರೊಳಗೇ. ಒಟ್ಟು 95,000. ದುಬಾರಿ ಎನಿಸಿದವನೇ ಸುಮಾರು ಹನ್ನೆರಡು ಸಾವಿರ ಅಗ್ಗ.

ಈ ಹೋಲಿಕೆ ಸಾಧ್ಯವಾಗಬೇಕಾದರೆ ಎಲ್ಲರಿಂದಲೂ ಒಂದೇ ಅಳತೆಗೆ ಕೊಟೇಶನ್ ತರಿಸಬೇಕು. ಅದಕ್ಕೆ ವಕೀಲರೇನೂ ಬೇಡ, ವಾಟ್ಸಾಪಿನಲ್ಲಿ ಕಳಿಸಬಹುದಾದ ಇಷ್ಟು ಮಾತು ಸಾಕು:

‘ನಮ್ಮ ಜಮೀನಿನಲ್ಲಿ ಆರೂವರೆ ಇಂಚಿನ ಬೋರ್ ಕೊರೆಸಬೇಕಿದೆ. ರಸ್ತೆಯಿಂದ ಪಾಯಿಂಟಿನವರೆಗೆ ಲಾರಿ ಬರುತ್ತದೆ. 600 ಅಡಿ ಆಳ, 80 ಅಡಿ ಕೇಸಿಂಗ್ ಎಂದು ಹಿಡಿದು ಒಟ್ಟು ಮೊತ್ತ ತಿಳಿಸಿ. ಪ್ರತಿ ನೂರು ಅಡಿಯ ದರ ಬೇರೆ ಬೇರೆ ಬರೆಯಿರಿ. ಕೇಸಿಂಗ್ ಪಿವಿಸಿಯೋ ಕಬ್ಬಿಣವೋ, ಎಷ್ಟು ದಪ್ಪ, ಅಡಿಗೆ ಎಷ್ಟು ಎಂದು ಬರೆಯಿರಿ. ಫ್ಲಷಿಂಗ್, ಸಾಗಣೆ, ಊಟ, ಮುಚ್ಚಳ, ಜಿಎಸ್‌ಟಿ ಇದರಲ್ಲಿ ಸೇರಿದೆಯೇ ತಿಳಿಸಿ. ಬಾವಿ ಕುಸಿದರೆ, ಹ್ಯಾಮರ್ ಸಿಕ್ಕಿಕೊಂಡರೆ ಖರ್ಚು ಯಾರದು? 300 ಅಡಿಯ ನಂತರ ಪ್ರತಿ ನೂರು ಅಡಿಗೂ ನಮ್ಮನ್ನು ಕೇಳಿಯೇ ಮುಂದುವರಿಯಬೇಕು. ಆಳದ ಲೆಕ್ಕ ರಾಡ್ ಎಣಿಸಿ.’

ಕೊನೆಯ ಎರಡು ಸಾಲು ಬಹಳ ಮುಖ್ಯ. ನೀರು ಬಿದ್ದರೂ ಬೀಳದಿದ್ದರೂ ಕೊರೆದ ಅಡಿಗೆ ದುಡ್ಡು ಕೊಡಲೇಬೇಕು. ‘ಇನ್ನೊಂದು ನೂರು ಅಡಿ ನೋಡೋಣ’ ಎಂಬ ಆಸೆ ಹುಟ್ಟುವುದು ನಡುರಾತ್ರಿಯಲ್ಲಿ, ಬರೀ ಧೂಳು ಹಾರುತ್ತಿರುವಾಗ. ಎಲ್ಲಿ ನಿಲ್ಲಿಸಬೇಕೆಂದು ಹಗಲಿನಲ್ಲೇ ಮನೆಮಂದಿ ಕೂತು ತೀರ್ಮಾನಿಸಿಕೊಂಡಿರುವುದು ಒಳ್ಳೆಯದು.

ಇನ್ನು ರಾಡ್ ಎಣಿಕೆ. ರಿಗ್ಗಿನ ರಾಡುಗಳು ಸಾಮಾನ್ಯವಾಗಿ 20 ಅಡಿಯವು. ಲಾರಿಯ ಮೇಲಿರುವಾಗಲೇ ಒಂದನ್ನು ಟೇಪಿನಲ್ಲಿ ಅಳೆದುಬಿಡಿ. ಒಂದೊಂದು ರಾಡ್ ಒಳಗಿಳಿದಾಗಲೂ ನಿಮ್ಮವರೊಬ್ಬರು ಪುಸ್ತಕದಲ್ಲಿ ಗೆರೆ ಎಳೆಯಲಿ. ಮೂವತ್ತು ರಾಡ್ ಎಂದರೆ 600 ಅಡಿ. ಕೆಲಸ ಮುಗಿದು ರಾಡ್ ಮೇಲೆತ್ತುವಾಗ ಮತ್ತೊಮ್ಮೆ ಎಣಿಸಿ. ಕೇಸಿಂಗನ್ನೂ ಹಾಗೆಯೇ, ಒಳಗಿಳಿಸುವ ಮುಂಚೆ ನೆಲದ ಮೇಲೆ ಜೋಡಿಸಿ ಅಳೆಯಬೇಕು. ಇಳಿದ ಮೇಲೆ ಅದು ಯಾರ ಕಣ್ಣಿಗೂ ಕಾಣುವುದಿಲ್ಲ.

ಹಣದ ಕಂತುಗಳ ವಿಷಯಕ್ಕೆ ಬಂದರೆ, ಕೊರೆಯುವ ಕೆಲಸಕ್ಕೂ ಮೋಟರ್ ಇಳಿಸುವ ಕೆಲಸಕ್ಕೂ ಒಂದೇ ಪದ್ಧತಿ ಒಗ್ಗುವುದಿಲ್ಲ. ರಿಗ್ಗುಗಳಲ್ಲಿ ಎಷ್ಟೋ ತಮಿಳುನಾಡಿನ ತಿರುಚೆಂಗೋಡು ಕಡೆಯವು; ಬೆಳಿಗ್ಗೆ ಇಲ್ಲಿ, ಸಂಜೆ ಇನ್ನೊಂದು ಜಿಲ್ಲೆಯಲ್ಲಿ. ‘ತಿಂಗಳು ಬಿಟ್ಟು ಉಳಿದದ್ದು ಕೊಡುತ್ತೇನೆ’ ಎಂದರೆ ಅವರು ಲಾರಿಯನ್ನೇ ತರುವುದಿಲ್ಲ. ಆದ್ದರಿಂದ ರಿಗ್ ಪಾಯಿಂಟಿನ ಮೇಲೆ ನಿಂತ ಮೇಲೆ ಸ್ವಲ್ಪ ಮುಂಗಡ, ಕೇಸಿಂಗ್ ಇಳಿದ ಮೇಲೆ ಅದರ ದುಡ್ಡು, ಫ್ಲಷಿಂಗ್ ಆಗಿ ಮುಚ್ಚಳ ಹಾಕಿ ರಾಡ್ ಲೆಕ್ಕ ತಾಳೆಯಾದ ಮೇಲೆ ಉಳಿದದ್ದು. ಬಿಲ್ಲಿನಲ್ಲಿ ಆಳ, ಕೇಸಿಂಗ್ ಅಡಿ, ನೀರು ಸಿಕ್ಕ ಆಳ ಮೂರೂ ಬರೆಸಿಕೊಳ್ಳಿ. ನಾಳೆ ಮೋಟರ್ ಎಷ್ಟು ಕೆಳಗೆ ಕೂರಿಸಬೇಕೆಂದು ಹೇಳುವುದು ಆ ಕಾಗದವೇ.

ಮೋಟರಿಗೆ ಬೇರೆಯದೇ ಕೊಟೇಶನ್, ಅದೂ ಬೋರ್ ಆದ ಮೇಲೆ. ಎರಡನ್ನೂ ಸೇರಿಸಿ ‘ಪ್ಯಾಕೇಜ್’ ಕೊಡುತ್ತೇವೆ ಎನ್ನುವವರಿದ್ದಾರೆ. ಆಳವೂ ಗೊತ್ತಿಲ್ಲದೆ ನೀರೂ ಗೊತ್ತಿಲ್ಲದೆ ಎಷ್ಟು ಎಚ್‌ಪಿ, ಎಷ್ಟು ಸ್ಟೇಜ್ ಎಂದು ಹೇಗೆ ನಿರ್ಧರಿಸುತ್ತಾರೋ ನನಗಂತೂ ಅರ್ಥವಾಗಿಲ್ಲ. ನೀರಿನ ಇಂಚಿನ ಲೆಕ್ಕವೂ ಇಲ್ಲಿ ದಾರಿ ತಪ್ಪಿಸುತ್ತದೆ. ವಿ ಆಕಾರದಲ್ಲಿ ಕತ್ತರಿಸಿದ ತಗಡಿನ ಮೇಲೆ ಹರಿಯುವ ನೀರಿನ ಎತ್ತರವೇ ಆ ಇಂಚು. ನೇರ ಕೋನದ ವಿ ಆದರೆ ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚಿಗೆ ಸಾವಿರವಲ್ಲ, 2,900 ಲೀಟರ್ ಹತ್ತಿರ. ಅಂದಾಜಿನಲ್ಲಿ ಒಂದು ಇಂಚು ತಪ್ಪಿದರೆ ಮೋಟರಿನ ಆಯ್ಕೆಯೇ ತಪ್ಪುತ್ತದೆ. ಕಂಪ್ರೆಸರ್ ಗಾಳಿಗೆ ಚಿಮ್ಮಿದ ನೀರೂ ನಂಬಿಕೆಗೆ ಅರ್ಹವಲ್ಲ. ಕೆಲವು ಗಂಟೆ ಪಂಪ್ ಓಡಿಸಿ ನೋಡಿದರಷ್ಟೇ ನಿಜ ತಿಳಿಯುವುದು.

ಈ ಕೊಟೇಶನ್ನಿನಲ್ಲಿ ಮೋಟರಿನ ಕಂಪನಿ, ಮಾಡೆಲ್, ಪೈಪಿನ ಜಾತಿ ಮತ್ತು ಅಡಿ, ಕೇಬಲ್ಲಿನ ದಪ್ಪ, ಸ್ಟಾರ್ಟರ್, ಇಳಿಸುವ ಕೂಲಿ ಬೇರೆ ಬೇರೆ ಇರಲಿ. ಕೇಬಲ್ ಸಣ್ಣದಾದರೆ ಅಷ್ಟು ಆಳದಲ್ಲಿ ವೋಲ್ಟೇಜ್ ಬಿದ್ದು ಮೋಟರ್ ಸುಡುತ್ತದೆ, ದುಡ್ಡು ಉಳಿಸಲು ಮೊದಲು ಕೈ ಹಾಕುವುದೂ ಅಲ್ಲೇ. ಅಂಗಡಿಯವನು ಊರಿನವನೇ ಆದ್ದರಿಂದ ಇಲ್ಲಿ ಕಂತು ನಡೆಯುತ್ತದೆ. ಸಾಮಾನು ಬಿಲ್ಲು, ವಾರಂಟಿ ಕಾರ್ಡಿನ ಸಮೇತ ಬಂದಾಗ ಅರವತ್ತು ಪಾಲು, ನೀರು ಮೇಲೆ ಬಂದಾಗ ಮೂವತ್ತು, ಹದಿನೈದು ದಿನ ತೊಂದರೆಯಿಲ್ಲದೆ ಓಡಿದ ಮೇಲೆ ಉಳಿದ ಹತ್ತು.

ನೀರು ಬೀಳದ ಬಾವಿಗೂ ಕೊಟೇಶನ್ನಿನಲ್ಲಿ ಒಂದು ಸಾಲು ಬೇಕು. ಮಕ್ಕಳು ಬಿದ್ದು ಸತ್ತ ಪ್ರಕರಣಗಳ ನಂತರ ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ನಿರ್ದೇಶನದಂತೆ ಬೋರ್ ಕೊರೆಸುವ 15 ದಿನ ಮೊದಲೇ ಅಧಿಕಾರಿಗಳಿಗೆ ಬರೆದು ತಿಳಿಸಬೇಕು, ಕೆಲಸದ ಜಾಗಕ್ಕೆ ಬೇಲಿ, ಫಲಕ ಇರಬೇಕು, ಬಿಟ್ಟ ಬಾವಿಯನ್ನು ಮಣ್ಣು, ಮರಳು, ಜಲ್ಲಿ ತುಂಬಿ ನೆಲಮಟ್ಟಕ್ಕೆ ಮುಚ್ಚಬೇಕು. ಕೇಸಿಂಗ್ ಕಿತ್ತುಕೊಂಡು ಹೋಗಲು ರಿಗ್ಗಿನವರು ಒಪ್ಪುತ್ತಾರೆ, ಅದರ ದುಡ್ಡೂ ಬಿಲ್ಲಿನಿಂದ ಕಳೆಯುತ್ತಾರೆ. ಹಾಗೆ ಬಾಯ್ದೆರೆದು ಉಳಿದ ಗುಂಡಿ ತುಂಬುವುದು ಯಾರು ಎಂಬುದನ್ನು ಅದೇ ಹಾಳೆಯಲ್ಲಿ ಬರೆಸಿ, ಅದು ತುಂಬಿದ ಮೇಲೆಯೇ ಕೊನೆಯ ಕಂತು ಕೊಡಿ.